ಶಾರ್ಟ್ಸ್ ಟೈಟಲ್ ವಿಷ್ಯದಲ್ಲಿ ನಾನ್ ಮಾಡಿದ್ ತಪ್ಪು

ಯೂಟ್ಯೂಬಲ್ಲಿ ನಮ್ಮದು ಚಿಕ್ಕ ಅಡುಗೆ ಚಾನೆಲ್, ರಾಗಿ ಮುದ್ದೆದು 40 ಸೆಕೆಂಡಿನ ಶಾರ್ಟ್ಸ್ ಹಾಕಿದ್ದೆ, ಟೈಟಲ್ ಮಾತ್ರ ದೊಡ್ಡ ವಿಡಿಯೋದ್ದನ್ನೇ ಕಾಪಿ ಹೊಡೆದಿದ್ದೆ: "ಅಮ್ಮನ ಕೈರುಚಿ, ಹಳ್ಳಿ ಸ್ಟೈಲ್ ಅಡುಗೆ, ರಾಗಿ ಮುದ್ದೆ ಗಂಟಾಗದಂಗೆ ಮಾಡೋ ವಿಧಾನ". ಮೊಬೈಲಲ್ಲಿ ನೋಡಿದ್ರೆ "ಹಳ್ಳಿ ಸ್ಟೈಲ್" ಹತ್ರನೇ ಕಟ್, ಮುದ್ದೆ ಅನ್ನೋ ಪದನೇ ಕಾಣ್ತಿರ್ಲಿಲ್ಲ! ಟೈಟಲ್‌ಗೆ 100 ಅಕ್ಷರ ಜಾಗ ಇದ್ರೂ ಫೀಡಲ್ಲಿ ಕಾಣೋದು ಶುರುವಿನ ತುಂಡು ಅಷ್ಟೇ.

ಯೂಟ್ಯೂಬ್ ಸ್ಟುಡಿಯೋಲಿ ಟ್ರಾಫಿಕ್ ಸೋರ್ಸ್ ತೆಗೆದು ನೋಡ್ದಾಗ ದೊಡ್ಡ ವಿಡಿಯೋಗೆ YouTube search ಇಂದ ಜನ ಬರ್ತಿದ್ರು, ಇದಕ್ಕೆ ಬಹುಪಾಲು Shorts feed. ಅಲ್ಲಿ ಯಾರೂ ಟೈಟಲ್ ಓದಿ ಒತ್ತಲ್ಲ, ವಿಡಿಯೋ ತಾನಾಗೇ ಓಡುತ್ತೆ, ಮೊದಲ ಎರಡು ಸೆಕೆಂಡ್ ಹಿಡಿದಿಲ್ಲ ಅಂದ್ರೆ ಬೆರಳು ಮೇಲಕ್ಕೆ. ಟೈಟಲ್ ಕೆಲಸಕ್ಕೆ ಬರೋದು ಯಾರಾದ್ರೂ ಹುಡುಕಿದಾಗ.

ಅದಕ್ಕೆ "ರಾಗಿ ಮುದ್ದೆ ಗಂಟಾಗ್ತಿದ್ಯಾ?" ಅಂತ ಬದಲಾಯಿಸ್ದೆ. ಡಿಸ್ಕ್ರಿಪ್ಷನ್ನಲ್ಲಿದ್ದ ಹದಿನೈದು ಹ್ಯಾಶ್‌ಟ್ಯಾಗ್ ಕಿತ್ತಾಕಿ, ಹಿಟ್ಟು ಯಾವಾಗ ಹಾಕ್ಬೇಕು, ಕೋಲಲ್ಲಿ ಹೆಂಗೆ ತಿರುವ್ಬೇಕು ಅಂತ ಎರಡು ಸಾಲು ಬರೆದೆ. ಅಲ್ಲಿ ಹಾಕಿದ್ದ ಲಿಂಕೂ ದಂಡ, 2023ರ ಆಗಸ್ಟ್ ಕೊನೆಯಿಂದ ಶಾರ್ಟ್ಸಲ್ಲಿ ಅದು ಒತ್ತಿದ್ರೆ ತೆರೆಯಲ್ಲ, ಹಂಗಾಗಿ Related video ಅನ್ನೋ ಕಡೆ ದೊಡ್ಡ ವಿಡಿಯೋ ಸೇರಿಸ್ದೆ.

ಫೀಡ್ ವ್ಯೂಸ್ ಅಲ್ಲಾಡ್ಲಿಲ್ಲ ಬಿಡಿ, ಆದ್ರೆ ಸರ್ಚ್ ಲಿಸ್ಟಲ್ಲಿ "ಮುದ್ದೆ ಗಂಟು" ಅಂತ ಹುಡುಕಿ ಬಂದೋರು ಕಾಣಿಸ್ಕೊಂಡ್ರು.