ಹುರಿ, ಕರಿ, ಬಸಿ: ಮೂರನೇ ತರಗತಿಗೆ ಎಂಟು ಪದಗಳ ಒಂದು ವಾರ

ಮೂರನೇ ತರಗತಿಯ ಮಕ್ಕಳಿಗೆ ವಸ್ತುಗಳ ಹೆಸರು ಸಾಕಷ್ಟು ಗೊತ್ತಿರುತ್ತದೆ. ತಡವರಿಸುವುದು ಕ್ರಿಯಾಪದದಲ್ಲಿ. ಅಡುಗೆಮನೆಯಲ್ಲಿ ಏನು ನಡೆದರೂ ‘ಮಾಡ್ತಾರೆ’, ‘ಹಾಕ್ತಾರೆ’ ಎಂಬ ಎರಡರಲ್ಲೇ ಮಾತು ಮುಗಿಯುತ್ತದೆ. ಹಾಗಾಗಿ ಪದಗೋಡೆ ಶುರುಮಾಡಲು ಹಣ್ಣು, ಪ್ರಾಣಿಗಳ ಪಟ್ಟಿಗಿಂತ ಅಡುಗೆಯ ಕ್ರಿಯಾಪದಗಳೇ ಒಳ್ಳೆಯವು. ಒಂದು ವಾರಕ್ಕೆ ಎಂಟು ಸಾಕು: ಹುರಿ, ಕರಿ, ಬಸಿ, ಸೋಸು, ಕುಟ್ಟು, ರುಬ್ಬು, ಬೀಸು, ಕೇರು.

ಪಟ್ಟಿ ಕತ್ತರಿಸುವುದು, ಗೋಡೆ ಆರಿಸುವುದು

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಚಾರ್ಟ್ ಹಾಳೆ ಸುಮಾರು 56 ಸೆಂ.ಮೀ. ಅಗಲ, 71 ಸೆಂ.ಮೀ. ಉದ್ದ ಇರುತ್ತದೆ. ಅದನ್ನು 28 ಸೆಂ.ಮೀ. ಉದ್ದ, 12 ಸೆಂ.ಮೀ. ಎತ್ತರದ ಪಟ್ಟಿಗಳಾಗಿ ಕತ್ತರಿಸಿದರೆ ಹತ್ತು ಸಿಗುತ್ತವೆ. ಎಂಟು ಪದಕ್ಕೆ, ಎರಡು ತಪ್ಪಾದರೆ ಬದಲಿಗೆ. ಪಟ್ಟಿಯ ಎತ್ತರ ಇದಕ್ಕಿಂತ ಕಡಿಮೆ ಮಾಡಬೇಡಿ. ‘ಕುಟ್ಟು’, ‘ರುಬ್ಬು’ಗಳ ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು, ಇಕ್ಕಟ್ಟಾದರೆ ಹಿಂದಿನ ಸಾಲಿನ ಮಗುವಿಗೆ ಒತ್ತು ಕಾಣುವುದೇ ಇಲ್ಲ. ಮೂಲ ಅಕ್ಷರ 5 ಸೆಂ.ಮೀ. ಎತ್ತರವಿರಲಿ, ಕಪ್ಪು ಮಾರ್ಕರ್ ಸಾಕು. ಬಣ್ಣದ ಬಳ್ಳಿ, ಹೂವಿನ ಅಂಚು ಬೇಡ. ಅವು ಕಣ್ಣನ್ನು ಅಕ್ಷರದಿಂದ ಆಚೆ ಎಳೆಯುತ್ತವೆ.

ಸುಣ್ಣ ಬಳಿದ ಗೋಡೆಗೆ ಟೇಪು ನಿಲ್ಲುವುದಿಲ್ಲ, ಎರಡು ದಿನಕ್ಕೆ ಪುಡಿಯ ಸಮೇತ ಕಿತ್ತು ಬರುತ್ತದೆ. ಎರಡು ಮೊಳೆಯ ನಡುವೆ ದಾರ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ಪಟ್ಟಿ ಸಿಕ್ಕಿಸಿ. ಮಗು ಕೈಯಿಂದ ಮುಟ್ಟಿ, ತೆಗೆದು, ಮತ್ತೆ ಹಾಕುವಷ್ಟು ಕೆಳಗಿರಬೇಕು. ಮೇಲಿನ ಸಾಲು ನಾಲ್ಕಡಿ ದಾಟಬಾರದು. ನಲಿ-ಕಲಿ ಕೊಠಡಿಯಲ್ಲಿ ಒಂದರಿಂದ ಮೂರರವರೆಗಿನ ಮಕ್ಕಳು ಒಟ್ಟಿಗೆ ಕೂರುವುದರಿಂದ, ಮೂರನೆಯವರಿಗೆ ಒಂದು ಮೂಲೆ ಮೀಸಲಿಡಿ. ತಲೆಯ ಮೇಲಿನ ಚಪ್ಪರಕ್ಕೆ ಈ ಪಟ್ಟಿಗಳನ್ನು ತೂಗುಬಿಡಬೇಡಿ. ಗಾಳಿಗೆ ತಿರುಗುವ ಪದವನ್ನು ಯಾರೂ ಓದುವುದಿಲ್ಲ.

ಚಿತ್ರಕಾರ್ಡು: ಕ್ರಿಯೆ ಕಾಣಬೇಕು

ಹೆಚ್ಚು ಎಡವಟ್ಟಾಗುವುದು ಇಲ್ಲಿ. ಒರಳುಕಲ್ಲಿನ ಚಿತ್ರ ತೋರಿಸಿ ‘ಏನಿದು?’ ಎಂದರೆ ಮಗು ‘ಕಲ್ಲು’ ಎನ್ನುತ್ತದೆ. ಅದರ ಉತ್ತರ ಸರಿಯೇ, ಪ್ರಶ್ನೆ ತಪ್ಪು. ಕ್ರಿಯಾಪದದ ಕಾರ್ಡಿನಲ್ಲಿ ಎರಡು ಚಿತ್ರ ಬೇಕು: ಎಡಕ್ಕೆ ಮೊದಲಿದ್ದದ್ದು, ಬಲಕ್ಕೆ ಆಮೇಲಾದದ್ದು, ನಡುವೆ ಬಾಣ. ನೆನೆದ ಅಕ್ಕಿ, ಬಾಣ, ಹಿಟ್ಟು: ರುಬ್ಬು. ಒಣ ರಾಗಿ, ಬಾಣ, ಪುಡಿ: ಬೀಸು. ಕೇಳಬೇಕಾದ ಪ್ರಶ್ನೆ ‘ಏನು ಮಾಡಿದ್ರು?’

ಹತ್ತಿರದ ಪದಗಳ ಚಿತ್ರಗಳನ್ನು ಜೋಡಿಯಾಗಿ ಬರೆಯಿರಿ, ವ್ಯತ್ಯಾಸ ಎದ್ದು ಕಾಣಲಿ. ಹುರಿಯುವ ಬಾಣಲೆ ಒಣದಾಗಿರಲಿ, ಒಳಗೆ ಕಡಲೆಬೀಜ. ಕರಿಯುವ ಬಾಣಲೆಯಲ್ಲಿ ಎಣ್ಣೆ ತುಂಬಿ ಹಪ್ಪಳ ತೇಲುತ್ತಿರಲಿ. ಸೋಸುವುದಕ್ಕೂ ಬಸಿಯುವುದಕ್ಕೂ ದೊಡ್ಡವರೇ ಗೊಂದಲ ಮಾಡಿಕೊಳ್ಳುತ್ತಾರೆ. ಟೀ ಸೋಸಿದಾಗ ನಮಗೆ ಬೇಕಾದ್ದು ಕೆಳಗಿಳಿದದ್ದು, ಜಾಲರಿಯಲ್ಲಿ ಉಳಿದದ್ದು ಚರಟ. ಅನ್ನ ಬಸಿದಾಗ ಬೇಕಾದ್ದು ಪಾತ್ರೆಯಲ್ಲೇ ಉಳಿಯುತ್ತದೆ, ಗಂಜಿ ಹೊರಗೆ ಹೋಗುತ್ತದೆ. ಬೇಕಾದ ಭಾಗಕ್ಕೆ ಮಾತ್ರ ಬಣ್ಣ ತುಂಬಿದರೆ ಮಕ್ಕಳಿಗೆ ಥಟ್ಟನೆ ಹೊಳೆಯುತ್ತದೆ.

ಕಾರ್ಡಿನ ಮುಂಭಾಗದಲ್ಲಿ ಪದ ಬರೆಯಬೇಡಿ, ಹಿಂದೆ ಬರೆಯಿರಿ. ಮುಂದಿದ್ದರೆ ಓದಲು ಬರುವವರು ಚಿತ್ರ ನೋಡುವುದಿಲ್ಲ, ಬಾರದವರು ಪಕ್ಕದವರ ಬಾಯಿ ನೋಡುತ್ತಾರೆ. ಒಂದು ಜೋಡಿ ಮಕ್ಕಳಿಗೆ ಎಂಟು ಕಾರ್ಡಿನ ಒಂದು ಕಟ್ಟು. ಮೂವತ್ತು ಮಕ್ಕಳಿದ್ದರೆ ಹದಿನೈದು ಕಟ್ಟು ಬೇಕಾಗುತ್ತದೆ. ಹಳೆಯ ಆಮಂತ್ರಣ ಪತ್ರಿಕೆಯ ಖಾಲಿ ಬದಿ ಇದಕ್ಕೆ ಸರಿಯಾದ ಗಟ್ಟಿ.

ವಾರ ಹೇಗೆ ಸಾಗಬೇಕು

ಸೋಮವಾರ ಗೋಡೆ ಖಾಲಿಯೇ ಇರಲಿ. ಒಂದು ಮೊರ, ಟೀ ಜಾಲರಿ, ಕುಟ್ಟಾಣಿ, ಹಿಡಿ ಅಕ್ಕಿ ತಂದು ಕೇರಿ, ಸೋಸಿ, ಕುಟ್ಟಿ ತೋರಿಸಿ. ಪ್ರತಿ ಸಲವೂ ಪೂರ್ತಿ ವಾಕ್ಯ: ‘ನಾನು ಅಕ್ಕಿ ಕೇರ್ತಿದ್ದೀನಿ.’ ನಿಮ್ಮ ಮನೆಯಲ್ಲಿ ಇದಕ್ಕೆ ಏನಂತೀರಿ ಎಂದು ಕೇಳಿ. ಕರಾವಳಿ, ಮಲೆನಾಡಿನ ಕಡೆಯ ಮಗು ಮೊರಕ್ಕೆ ‘ಗೆರಸೆ’ ಎಂದರೆ, ಲಂಬಾಣಿ ಅಥವಾ ಉರ್ದು ಮಾತಾಡುವ ಮಗು ತನ್ನ ಪದ ಹೇಳಿದರೆ, ಅದನ್ನೂ ಸಣ್ಣ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮಂಗಳವಾರ ಕಾರ್ಡು ನೋಡಿ ಹೇಳುವುದು. ಪದಗಳು ಗೋಡೆಗೇರುವುದು ಬುಧವಾರ, ಬಾಯಿಗೆ ಬಂದ ಮೇಲೆ. ಏರಿಸುವವರು ಮಕ್ಕಳೇ: ಪದ ಬಳಸಿ ಒಂದು ವಾಕ್ಯ ಹೇಳಿದವನು ಪಟ್ಟಿ ಸಿಕ್ಕಿಸಲಿ, ಮನೆಮಾತಿನ ಚೀಟಿ ಅದರ ಕೆಳಗೆ.

ಈ ಪದಗಳನ್ನು ಅಕಾರಾದಿಯಾಗಿ ಜೋಡಿಸುವುದಕ್ಕಿಂತ ಕೊನೆಯ ಸ್ವರ ನೋಡಿ ಎರಡು ದಾರಕ್ಕೆ ಹಂಚಿ. ಹುರಿ, ಕರಿ, ಬಸಿ ಒಂದು ದಾರಕ್ಕೆ: ಹುರಿದೆ, ಕರಿದೆ, ಬಸಿದೆ. ಉಳಿದ ಐದು ಇನ್ನೊಂದಕ್ಕೆ: ಕುಟ್ಟಿದೆ, ಸೋಸಿದೆ, ಬೀಸಿದೆ. ‘ನಿನ್ನೆ’ ಎಂದು ಶುರುವಾಗುವ ಆಟದಲ್ಲಿ ತಡವರಿಸಿದ ಮಗು ದಾರ ನೋಡಿ ತಾನೇ ಸರಿಮಾಡಿಕೊಳ್ಳಬಹುದು.

ಆಟ ಜೋಡಿಯಲ್ಲೇ

ಇಡೀ ತರಗತಿ ಒಟ್ಟಾಗಿ ‘ರುಬ್ಬು, ರುಬ್ಬು’ ಎಂದು ಕೂಗುವುದನ್ನು ಬಳಕೆ ಎಂದು ಲೆಕ್ಕ ಹಿಡಿಯಬೇಡಿ. ಅರ್ಧಕ್ಕರ್ಧ ಮಕ್ಕಳು ಬರೀ ತುಟಿ ಆಡಿಸುತ್ತಾರೆ. ಸರದಿಯಂತೆ ಹೇಳಿಸಿದರೂ ಇಪ್ಪತ್ತು ನಿಮಿಷದಲ್ಲಿ ಮೂವತ್ತು ಮಕ್ಕಳಿಗೆ ತಲಾ ನಲವತ್ತು ಸೆಕೆಂಡು. ಜೋಡಿ ಮಾಡಿದರೆ ಹದಿನೈದು ಬಾಯಿ ಒಟ್ಟಿಗೆ ಆಡುತ್ತವೆ. ಗದ್ದಲವಾಗುತ್ತದೆ, ಆಗಲಿ.

ಒಂದು ಆಟ ಹೀಗಿದೆ. ಒಬ್ಬಳು ಕಾರ್ಡು ಮುಚ್ಚಿ ಹಿಡಿಯುತ್ತಾಳೆ. ಇನ್ನೊಬ್ಬ ಪ್ರಶ್ನೆ ಕೇಳುತ್ತಾನೆ: ‘ನಿಮ್ಮಮ್ಮ ಹಪ್ಪಳ ಕರೀತಿದ್ದಾರಾ?’ ‘ಇಲ್ಲ, ಕರೀತಿಲ್ಲ.’ ‘ಕಡಲೆಬೀಜ ಹುರೀತಿದ್ದಾರಾ?’ ‘ಹೌದು, ಹುರೀತಿದ್ದಾರೆ.’ ಸಿಕ್ಕರೆ ಕಾರ್ಡು ಕೇಳಿದವನಿಗೆ. ನಿಯಮ ಒಂದೇ: ಏನನ್ನು ಎಂಬುದನ್ನು ಬಿಡುವಂತಿಲ್ಲ. ಇದಕ್ಕೆ ಕಾರಣವಿದೆ. ಆಡುಮಾತಿನಲ್ಲಿ ‘ಅಮ್ಮ ಕರೀತಿದ್ದಾರೆ’ ಎಂದಷ್ಟೇ ಅಂದರೆ ಕೂಗಿ ಕರೆಯುವುದೂ ಆಗಬಹುದು, ಎಣ್ಣೆಯಲ್ಲಿ ಕರಿಯುವುದೂ ಆಗಬಹುದು. ಹಪ್ಪಳ ಜೊತೆಗಿದ್ದರೆ ಅನುಮಾನವಿಲ್ಲ. ‘ಹೌದು’, ‘ಇಲ್ಲ’ ಎಂದಷ್ಟೇ ಉತ್ತರಿಸಿದರೆ ಕಾರ್ಡು ಕೊಟ್ಟುಬಿಡಬೇಕು ಎಂದೂ ಹೇಳಿಬಿಡಿ. ಇಲ್ಲವಾದರೆ ಉತ್ತರಿಸುವವಳ ಬಾಯಿಗೆ ಪದ ಬರುವುದೇ ಇಲ್ಲ.

ಗುರುವಾರ ಕಾರ್ಡಿಲ್ಲದ ಅಭಿನಯ: ಒಬ್ಬ ಮಾಡಿ ತೋರಿಸಲಿ, ಜೋಡಿಯವಳು ಹೇಳಲಿ. ಇಲ್ಲಿ ಬೀಸುವುದೂ ರುಬ್ಬುವುದೂ ಒಂದೇ ರೀತಿ ಕಾಣುತ್ತವೆ, ಕೈ ಎರಡರಲ್ಲೂ ಸುತ್ತುತ್ತದೆ. ‘ನೀರು ಹಾಕ್ತೀಯಾ?’ ಎಂದು ಕೇಳಲು ಕಲಿಸಿ. ಆ ಒಂದು ಪ್ರಶ್ನೆಯಲ್ಲಿ ಅರ್ಥ ಬೇರೆಯಾಗುತ್ತದೆ.

ಬಂತೋ ಇಲ್ಲವೋ ತಿಳಿಯುವುದು

ಶುಕ್ರವಾರ ಗೋಡೆಯ ದಾರಕ್ಕೆ ಬಟ್ಟೆ ಮುಚ್ಚಿ. ಆರೇಳು ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, ಚಿತ್ರ ತೋರಿಸದೆ ಸನ್ನಿವೇಶ ಹೇಳಿ: ‘ಟೀಯಲ್ಲಿ ಪುಡಿ ತೇಲ್ತಿದೆ, ಏನು ಮಾಡ್ಬೇಕು?’ ‘ಸೋಸ್ಬೇಕು’ ಎಂದರೆ ಪದ ಬಂದಿದೆ. ‘ಜಾಲರಿ’ ಎಂದರೆ ಕಾರ್ಡಿನ ಚಿತ್ರ ಮಾತ್ರ ನೆನಪಿದೆ. ‘ಜಾಲರಿಗೆ ಹಾಕ್ಬೇಕು’ ಎಂದರೆ ಮಾತು ಮತ್ತೆ ‘ಹಾಕು’ವಿಗೇ ಮರಳಿದೆ, ಆ ಜೋಡಿ ಮೊದಲ ಆಟವನ್ನೇ ಇನ್ನೊಮ್ಮೆ ಆಡಲಿ. ಉಳಿದ ಮಕ್ಕಳನ್ನು ಮುಂದಿನ ವಾರದ ದಿನಗಳಿಗೆ ಹಂಚಿಕೊಳ್ಳಿ.

ಎಲ್ಲರಿಗೂ ಬಂದ ಪದ ದಾರದಿಂದ ಇಳಿದು ಡಬ್ಬಿಗೆ ಹೋಗಬೇಕು. ಗೋಡೆಯಲ್ಲಿ ಇಪ್ಪತ್ತೈದು ಪದ ದಾಟಿದರೆ ಮಕ್ಕಳು ಅದನ್ನು ನೋಡುವುದನ್ನೇ ಬಿಡುತ್ತಾರೆ. ದಿನಾ ಬೆಳಗ್ಗೆ ಡಬ್ಬಿಯಿಂದ ಮೂರು ಪಟ್ಟಿ ಎತ್ತಿ ವಾಕ್ಯ ಹೇಳಿಸಿ. ಬಾರದ ಪದ ವಾಪಸ್ ದಾರಕ್ಕೆ. ‘ಬೀಸು’ ಮಾತ್ರ ಬೇಗ ಇಳಿಸಬೇಡಿ. ಮುಂದಿನ ವಾರ ಮಳೆಗಾಳಿಯ ಪಾಠಕ್ಕೆ ಹೋದಾಗ ಗಾಳಿ ಬೀಸುತ್ತದೆ, ಮೀನುಗಾರ ಬಲೆ ಬೀಸುತ್ತಾನೆ; ಅದೇ ಪಟ್ಟಿಯ ಕೆಳಗೆ ಇನ್ನೆರಡು ಚಿತ್ರ ಸಿಕ್ಕಿಸಬಹುದು.