ಬರ್ಕಿಟ್ ಲಿಂಫೋಮಾ: ಮೊದಲ ವಾರದಲ್ಲಿ ಕಡಿಮೆ ಔಷಧಿ ಕೊಡುವುದೇಕೆ

ಆರು ವರ್ಷದ ಆ ಹುಡುಗನನ್ನು ಮಕ್ಕಳ ಕ್ಯಾನ್ಸರ್ ವಾರ್ಡಿಗೆ ಕರೆತಂದಾಗ ಅವನ ಹೊಟ್ಟೆ ಬಿಗಿದುಕೊಂಡಿತ್ತು. ಎರಡು ವಾರದ ಹಿಂದೆ ಬರಿಯ ಹೊಟ್ಟೆನೋವಿತ್ತು, ಕಳೆದ ನಾಲ್ಕೈದು ದಿನಗಳಲ್ಲಿ ಚಡ್ಡಿಯ ದಾರ ಕಟ್ಟಲಾಗದಷ್ಟು ಊತ ಬಂದಿದೆ ಎಂದು ತಾಯಿ ಹೇಳಿದರು. ದಿನದಿಂದ ದಿನಕ್ಕೆ ಕಣ್ಣಿಗೆ ಕಾಣುವಂತೆ ಬೆಳೆಯುವ ಗಡ್ಡೆ ಎಂದರೆ ನನಗೆ ಮೊದಲು ನೆನಪಾಗುವುದು ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್ ಆದ ಬರ್ಕಿಟ್ ಲಿಂಫೋಮಾ. ಇದರ ಜೀವಕೋಶಗಳು ಸುಮಾರು ಒಂದೆರಡು ದಿನಗಳಲ್ಲೇ ಇಮ್ಮಡಿಯಾಗಬಲ್ಲವು. 1958ರಲ್ಲಿ ಡೆನಿಸ್ ಬರ್ಕಿಟ್ ಉಗಾಂಡಾದ ಮಕ್ಕಳಲ್ಲಿ ವರ್ಣಿಸಿದ್ದು ದವಡೆಯ ಗಡ್ಡೆಯನ್ನು. ಆಫ್ರಿಕಾದ ಆ ಭಾಗದಲ್ಲಿ ಹಲ್ಲು ಸಡಿಲವಾಗಿ ಕೆನ್ನೆ ಊದಿದ ಮಕ್ಕಳು ಹೆಚ್ಚು. ಬೇರೆಡೆ ಸಾಮಾನ್ಯವಾಗಿ ರೋಗ ಶುರುವಾಗುವುದು ಹೊಟ್ಟೆಯಲ್ಲಿ, ಸಣ್ಣಕರುಳು ದೊಡ್ಡಕರುಳಿಗೆ ಸೇರುವ ಜಾಗದ ಸುತ್ತ.

ಹೊಟ್ಟೆಯಲ್ಲಿ ನೀರು ತುಂಬಿದ್ದರಿಂದ ಶಸ್ತ್ರಚಿಕಿತ್ಸೆಯ ಅಗತ್ಯ ಬೀಳಲಿಲ್ಲ. ಸೂಜಿಯಿಂದ ತೆಗೆದ ಆ ನೀರಿನಲ್ಲೇ ರೋಗದ ಕೋಶಗಳು ಸಿಕ್ಕವು, ಅದೇ ಮಾದರಿಯಲ್ಲಿ ಈ ರೋಗದ ಗುರುತಾದ ಎಂವೈಸಿ ಜೀನಿನ ಸ್ಥಾನ ಬದಲಾವಣೆಯೂ ಖಚಿತವಾಯಿತು. ಇಷ್ಟು ಹರಡಿದ ಗಡ್ಡೆಯನ್ನು ಕೊಯ್ದು ಚಿಕ್ಕದು ಮಾಡಲು ಹೊರಟರೆ ಗಾಯ ಮಾಯುವವರೆಗೆ ಕಿಮೋಥೆರಪಿ ತಡವಾಗುತ್ತದೆ, ಆ ಅವಧಿಯಲ್ಲಿ ಗಡ್ಡೆ ಮತ್ತೆ ಬೆಳೆದುಬಿಡುತ್ತದೆ. ಅಸ್ಥಿಮಜ್ಜೆ ಮತ್ತು ಬೆನ್ನುಹುರಿಯ ದ್ರವ ಎರಡರಲ್ಲೂ ರೋಗವಿರಲಿಲ್ಲ.

ನನ್ನನ್ನು ಕಾಡಿದ್ದು ಗಡ್ಡೆಗಿಂತ ಹೆಚ್ಚಾಗಿ ಮೂತ್ರಪಿಂಡ. ಔಷಧಿ ಬಿದ್ದೊಡನೆ ಈ ಕೋಶಗಳು ಒಟ್ಟಾಗಿ ಒಡೆದು, ಒಳಗಿದ್ದ ಪೊಟ್ಯಾಸಿಯಂ, ಫಾಸ್ಫೇಟ್ ಹಾಗೂ ಯೂರಿಕ್ ಆಮ್ಲವಾಗಿ ಬದಲಾಗುವ ಪದಾರ್ಥಗಳನ್ನು ರಕ್ತಕ್ಕೆ ಸುರಿಯುತ್ತವೆ. ಇದಕ್ಕೆ ಟ್ಯೂಮರ್ ಲೈಸಿಸ್ ಎನ್ನುತ್ತೇವೆ. ಈ ಹುಡುಗನಲ್ಲಿ ಚಿಕಿತ್ಸೆಗೆ ಮುಂಚೆಯೇ ಯೂರಿಕ್ ಆಮ್ಲ ಏರಿತ್ತು. ಇಂಥ ಮಗುವಿಗೆ ಊತ ಇಳಿಯಲೆಂದು ಯಾರಾದರೂ ಸ್ಟೆರಾಯ್ಡ್ ಕೊಟ್ಟರೂ ಸಾಕು, ಸಿದ್ಧತೆಯಿಲ್ಲದೆ ಕೋಶಗಳು ಒಡೆಯತೊಡಗುತ್ತವೆ, ರೋಗನಿರ್ಣಯವೂ ಮಸುಕಾಗುತ್ತದೆ.

ಅವನ ತೂಕ 20 ಕಿಲೋ, ಮೈಯ ಮೇಲ್ಮೈ ಸುಮಾರು 0.8 ಚದರ ಮೀಟರ್. ಪ್ರತಿ ಚದರ ಮೀಟರಿಗೆ ದಿನಕ್ಕೆ 3 ಲೀಟರ್ ಲೆಕ್ಕದಲ್ಲಿ, ಪೊಟ್ಯಾಸಿಯಂ ಬೆರೆಸದ ದ್ರವವನ್ನು ಗಂಟೆಗೆ 100 ಮಿಲಿಲೀಟರಿನಂತೆ ನರದ ಮೂಲಕ ಹರಿಸಿದೆವು. ಗಂಟೆಗೆ ಕನಿಷ್ಠ 80 ಮಿಲಿಲೀಟರ್ ಮೂತ್ರ ಬರಬೇಕೆಂದು ಗುರಿ ಇಟ್ಟೆವು. ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿಲ್ಲವೆಂದು ತಿಳಿದ ಮೇಲೆ, ಯೂರಿಕ್ ಆಮ್ಲವನ್ನು ಒಡೆಯುವ ರಾಸ್‌ಬುರಿಕೇಸ್ ಕೊಟ್ಟೆವು. ಆ ಕೊರತೆಯಿರುವ ಮಕ್ಕಳಲ್ಲಿ ಇದು ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಈ ಔಷಧಿ ಕೊಟ್ಟ ಮೇಲೆ ತೆಗೆದ ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟೇ ಪ್ರಯೋಗಾಲಯಕ್ಕೆ ಕಳುಹಿಸಬೇಕು, ಇಲ್ಲದಿದ್ದರೆ ಕೊಳವೆಯೊಳಗೇ ಯೂರಿಕ್ ಆಮ್ಲ ಒಡೆದುಹೋಗಿ ವರದಿ ಸುಳ್ಳು ಸಮಾಧಾನ ಕೊಡುತ್ತದೆ.

ಇದರ ನಂತರವೇ ಕಿಮೋಥೆರಪಿ. ಸೈಕ್ಲೋಫಾಸ್ಫಮೈಡ್ 240 ಮಿಲಿಗ್ರಾಂ, ವಿಂಕ್ರಿಸ್ಟಿನ್ 0.8 ಮಿಲಿಗ್ರಾಂ, ದಿನವೂ ಪ್ರೆಡ್ನಿಸೋನ್, ಜೊತೆಗೆ ಬೆನ್ನುಹುರಿಯ ದ್ರವಕ್ಕೆ ಪ್ರತ್ಯೇಕ ಔಷಧಿ. “ಗಡ್ಡೆ ಇಷ್ಟು ದೊಡ್ಡದಿದೆ, ಔಷಧಿ ಇಷ್ಟು ಕಡಿಮೆ ಯಾಕೆ ಡಾಕ್ಟರೇ?” ಎಂದು ತಂದೆ ಕೇಳಿದರು. ಒಂದೇ ಸಲಕ್ಕೆ ಪೂರ್ತಿ ಕೊಟ್ಟರೆ ಗಡ್ಡೆ ಕರಗುವ ವೇಗವನ್ನು ಮೂತ್ರಪಿಂಡ ತಡೆಯಲಾರದು, ಅದಕ್ಕೇ ಮೊದಲ ವಾರ ಮೆಲ್ಲಗೆ ಹೋಗುತ್ತಿದ್ದೇವೆ ಎಂದು ವಿವರಿಸಿದೆ.

ಆರು ಗಂಟೆಗೊಮ್ಮೆ ರಕ್ತ ಪರೀಕ್ಷಿಸುತ್ತಿದ್ದೆವು. ಎರಡನೆಯ ದಿನ ಫಾಸ್ಫೇಟ್ ಏರಿ ಕ್ಯಾಲ್ಸಿಯಂ ಇಳಿಯಿತು. ಇಳಿದ ಕ್ಯಾಲ್ಸಿಯಂ ಕಂಡು ಅದನ್ನು ತುಂಬಿಸಬೇಕೆಂದು ಯುವ ವೈದ್ಯರಿಗೆ ಅನ್ನಿಸುವುದು ಸಹಜ, ಆದರೆ ಹಾಗೆ ತುಂಬಿಸಿದ ಕ್ಯಾಲ್ಸಿಯಂ ಫಾಸ್ಫೇಟಿನೊಡನೆ ಸೇರಿ ಮೂತ್ರಪಿಂಡದಲ್ಲೇ ಹರಳುಗಟ್ಟಬಹುದು. ಸ್ನಾಯು ಸೆಳೆತ, ಫಿಟ್ಸ್ ಅಥವಾ ಇಸಿಜಿಯಲ್ಲಿ ಬದಲಾವಣೆ ಇರಲಿಲ್ಲವಾದ್ದರಿಂದ ಕಾದೆವು. ಮೂತ್ರ ಚೆನ್ನಾಗಿ ಹೋಗುತ್ತಿತ್ತು. ನಿಂತಿದ್ದರೆ ಡಯಾಲಿಸಿಸ್‌ಗೆ ಸಿದ್ಧರಾಗಿದ್ದೆವು. ನಾಲ್ಕನೆಯ ದಿನದ ಹೊತ್ತಿಗೆ ಸಂಖ್ಯೆಗಳು ಹದಕ್ಕೆ ಬಂದವು.

ಏಳನೆಯ ದಿನದ ಸ್ಕ್ಯಾನಿನಲ್ಲಿ ಗಡ್ಡೆ ಅರ್ಧಕ್ಕಿಂತ ಹೆಚ್ಚು ಕುಗ್ಗಿತ್ತು. ಈ ಹಂತದಲ್ಲಿ ಶೇಕಡಾ 20ರಷ್ಟೂ ಕುಗ್ಗದಿದ್ದರೆ ಇನ್ನೂ ತೀವ್ರವಾದ ಕ್ರಮಕ್ಕೆ ಬದಲಾಯಿಸುತ್ತೇವೆ. ಹೊಟ್ಟೆಯ ನೀರು ಪೂರ್ತಿ ಇಂಗಿದೆಯೇ ಎಂದು ನಾನು ಎರಡು ಬಾರಿ ನೋಡಿಸಿದೆ, ಏಕೆಂದರೆ ಮುಂದಿನದು ಹೆಚ್ಚಿನ ಪ್ರಮಾಣದ ಮೆಥೊಟ್ರೆಕ್ಸೇಟ್ ಎಂಬ ಕಿಮೋ ಔಷಧಿ. ನೀರು ಉಳಿದಿದ್ದರೆ ಔಷಧಿ ಅದರಲ್ಲಿ ನಿಂತು, ನಿಧಾನವಾಗಿ ರಕ್ತಕ್ಕೆ ಮರಳುತ್ತಾ ಬಾಯಿ, ಕರುಳು, ಮಜ್ಜೆ ಎಲ್ಲವನ್ನೂ ಸುಡುತ್ತದೆ. ರಕ್ತದಲ್ಲಿ ಔಷಧಿಯ ಮಟ್ಟ ಅಳೆಯುತ್ತಾ, ಅದು ಸುರಕ್ಷಿತ ಮಿತಿಗೆ ಇಳಿಯುವವರೆಗೆ ಅದರ ಹಾನಿಯಿಂದ ಆರೋಗ್ಯವಂತ ಕೋಶಗಳನ್ನು ಕಾಯುವ ಫೋಲಿನಿಕ್ ಆಮ್ಲ ಕೊಟ್ಟೆವು. ಆದರೂ ಬಾಯಿ ಹುಣ್ಣಾಗಿ ಅವನು ಕೆಲವು ದಿನ ನೀರನ್ನೂ ನುಂಗಲಾರದೆ ಹೋದ, ನೋವಿಗೆ ಮಾರ್ಫಿನ್ ಬೇಕಾಯಿತು.

ಅದನ್ನು ಕಂಡ ಮನೆಯವರು ಮುಂದಿನ ಸುತ್ತನ್ನು ಒಂದು ತಿಂಗಳು ಮುಂದೂಡಲು ಕೇಳಿಕೊಂಡರು. ಅವರ ಸಂಕಟ ನನಗೆ ಅರ್ಥವಾಗಿತ್ತು, ಆದರೂ ಒಪ್ಪಲಿಲ್ಲ. ಬಿಡುವು ಸಿಕ್ಕರೆ ಉಳಿದ ಕೋಶಗಳು ಅದೇ ವೇಗದಲ್ಲಿ ಮರಳುತ್ತವೆ, ಮರಳಿದ ಬರ್ಕಿಟ್ ಲಿಂಫೋಮಾವನ್ನು ಗುಣಪಡಿಸುವುದು ಬಹಳ ಕಷ್ಟ. ರಕ್ತಕಣಗಳು ಚೇತರಿಸಿಕೊಂಡ ಕೂಡಲೇ, ಸುಮಾರು ಮೂರು ವಾರದ ಅಂತರದಲ್ಲಿ, ಎರಡನೆಯ ಸುತ್ತು ಆರಂಭಿಸಿದೆವು. ಮೊದಲ ವಾರವನ್ನೂ ಸೇರಿಸಿ ಇಡೀ ಚಿಕಿತ್ಸೆ ನಾಲ್ಕು ತಿಂಗಳೊಳಗೆ ಮುಗಿಯಿತು. ರಕ್ತದ ಕ್ಯಾನ್ಸರಿನ ಮಕ್ಕಳಂತೆ ವರ್ಷಗಟ್ಟಲೆ ಮಾತ್ರೆ ನುಂಗುವ ಅಗತ್ಯ ಇವನಿಗಿರಲಿಲ್ಲ. ಈ ರೋಗ ಮರಳುವುದಿದ್ದರೆ ಹೆಚ್ಚಾಗಿ ಮೊದಲ ವರ್ಷದಲ್ಲೇ ಮರಳುತ್ತದೆ. ಆದ್ದರಿಂದ ಆ ವರ್ಷವಿಡೀ ಅವನ ಹೊಟ್ಟೆಯನ್ನು ಕ್ರಮವಾಗಿ ಪರೀಕ್ಷಿಸುತ್ತಾ ಬಂದೆವು, ಗಡ್ಡೆ ಮತ್ತೆ ಕಾಣಿಸಿಕೊಳ್ಳಲಿಲ್ಲ.