ಹೋಲಿಸಲು ಮತ್ತೊಂದಿಲ್ಲದ ಸರಕಿಗೆ ಬೆಲೆ ಕಟ್ಟುವುದು ಹೇಗೆ?

ಮಾರುಕಟ್ಟೆಯಲ್ಲಿ ಅಂಥದೇ ಇನ್ನೊಂದು ಸರಕಿದ್ದರೆ ಅದರ ಬೆಲೆಯ ಆಸುಪಾಸಿನಲ್ಲಿ ನಮ್ಮ ಬೆಲೆಯನ್ನು ನಿಗದಿ ಮಾಡಬಹುದು. ಅದಿಲ್ಲದಾಗ ಅಸಲು ಲೆಕ್ಕ ಹಾಕಿ, ಅದರ ಮೇಲೆ ಇಂತಿಷ್ಟು ಲಾಭ ಸೇರಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಈ ಅಸಲು ಆಧಾರಿತ ಬೆಲೆಯನ್ನೂ ಕೊಳ್ಳುವವರಿಗೆ ಆಗುವ ಪ್ರಯೋಜನದಿಂದ ಹೊರಡುವ ಮೌಲ್ಯಾಧಾರಿತ ಬೆಲೆಯನ್ನೂ ಒಂದೇ ಉದಾಹರಣೆಯಲ್ಲಿ ಅಕ್ಕಪಕ್ಕ ಇಟ್ಟು ನೋಡೋಣ. ಅಂಕಿಗಳೆಲ್ಲ ಕಲ್ಪಿತ, ಅವನ್ನು ಯಾವ ನಾಣ್ಯದಲ್ಲಾದರೂ ಓದಿಕೊಳ್ಳಬಹುದು.

ರಟ್ಟಿನ ಪೆಟ್ಟಿಗೆ ತಯಾರಿಸುವ ಕಾರ್ಖಾನೆಗಳಲ್ಲಿ ಪೆಟ್ಟಿಗೆಯ ಅಳತೆ ಬದಲಾದಾಗಲೆಲ್ಲ ಕತ್ತರಿಸುವ ಯಂತ್ರದ ಅಚ್ಚನ್ನು, ಅಂದರೆ ಡೈಯನ್ನು ಬದಲಿಸಬೇಕು. ಕೈಯಲ್ಲೇ ಅಳೆದು, ಸರಿಸಿ ಕೂರಿಸಲು 40 ನಿಮಿಷ ಬೇಕು. ಅದನ್ನು 10 ನಿಮಿಷದಲ್ಲಿ ಮುಗಿಸುವ ಸಾಧನವೊಂದನ್ನು ನೀವು ರೂಪಿಸಿದ್ದೀರಿ, ಅಂಥದ್ದು ಬೇರೆಲ್ಲೂ ಸಿಗದು ಎಂದಿಟ್ಟುಕೊಳ್ಳಿ.

ಮೊದಲ ಹೆಜ್ಜೆ ಅಸಲು ತಿಳಿಯುವುದು. ಒಂದು ಸಾಧನಕ್ಕೆ ತಗಲುವ ಸಾಮಗ್ರಿ ಮತ್ತು ಕೂಲಿ 800. ಎಷ್ಟು ಮಾರಿದರೂ ಬದಲಾಗದ ಬಾಡಿಗೆ, ಸಂಬಳ ಮುಂತಾದ ಸ್ಥಿರ ವೆಚ್ಚ ವರ್ಷಕ್ಕೆ 60,000. ವರ್ಷಕ್ಕೆ 100 ಸಾಧನ ಮಾರಾಟವಾಗುತ್ತವೆ ಎಂದುಕೊಂಡರೆ ಒಂದರ ಅಸಲು 1,400. ಶೇ 25ರಷ್ಟು ಲಾಭ ಸೇರಿಸಿದರೆ ಬೆಲೆ 1,750. ಲೆಕ್ಕ ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಅದರೊಳಗೆ 100 ಎಂಬ ಊಹೆಯೊಂದು ಅಡಗಿ ಕುಳಿತಿದೆ. 50 ಮಾತ್ರ ಮಾರಾಟವಾದರೆ ಅಸಲು 2,000ಕ್ಕೆ ಏರಿ, 1,750ಕ್ಕೆ ಮಾರಿದ ಪ್ರತಿಯೊಂದರಲ್ಲೂ ನಷ್ಟವಾಗುತ್ತದೆ. ಎಷ್ಟು ಮಾರಾಟವಾಗುತ್ತದೆ ಎಂಬುದು ಬೆಲೆಯನ್ನು ಅವಲಂಬಿಸಿದೆ. ಬೆಲೆಯನ್ನೋ ನಾವು ಮಾರಾಟದ ಊಹೆಯಿಂದ ಕಟ್ಟಿದ್ದೇವೆ. ಈ ದಾರಿಯ ನಿಜವಾದ ದೌರ್ಬಲ್ಯ ಇದೇ. ಅದರಿಂದ ಖಚಿತವಾಗಿ ದಕ್ಕುವುದು ಒಂದೇ ಸಂಗತಿ: 800ಕ್ಕಿಂತ ಕೆಳಗೆ ಎಂದೂ ಮಾರಬಾರದು.

ಎರಡನೆಯ ಹೆಜ್ಜೆಯಲ್ಲಿ, ಈ ಸಾಧನವಿಲ್ಲದೆ ಕಾರ್ಖಾನೆಯವರು ಇಂದು ಏನು ಮಾಡುತ್ತಿದ್ದಾರೆ ಎಂದು ನೋಡಬೇಕು. ಪ್ರತಿಸ್ಪರ್ಧಿ ಇಲ್ಲದ ಸರಕಿಗೂ ಹೀಗೆ ಒಂದು ಪರ್ಯಾಯ ಇದ್ದೇ ಇರುತ್ತದೆ. ಇಲ್ಲಿ ಅದು ಕೈಕೆಲಸ. ಇದಕ್ಕೆ ಎಷ್ಟು ಕೊಡುತ್ತೀರಿ ಎಂದು ಕೇಳಿದರೆ ಪ್ರಯೋಜನವಿಲ್ಲ, ಏಕೆಂದರೆ ಕೇಳಿದ ಕ್ಷಣದಿಂದಲೇ ಚೌಕಾಸಿ ಆರಂಭವಾಗುತ್ತದೆ. ಅದರ ಬದಲು ಗಡಿಯಾರ ಹಿಡಿದು ಯಂತ್ರದ ಪಕ್ಕದಲ್ಲಿ ನಿಂತು ನೋಡುವುದು ಮೇಲು. ವರ್ಷಕ್ಕೆ 200 ಬಾರಿ ಡೈ ಬದಲಿಸುವಲ್ಲಿ ಪ್ರತಿ ಬಾರಿ 30 ನಿಮಿಷ ಉಳಿದರೆ 100 ಗಂಟೆಯಾಯಿತು. ಯಂತ್ರದ ಒಂದು ಗಂಟೆಯ ದುಡಿಮೆ 60 ತಂದುಕೊಟ್ಟರೆ ಒಟ್ಟು 6,000. ಹಾಳಾಗುವ ರಟ್ಟಿನಲ್ಲಿ 1,000 ಉಳಿಯುತ್ತದೆ. ಕಲಿಕೆ ಮತ್ತು ನಿರ್ವಹಣೆಗೆ ಅವರಿಗೆ ತಗಲುವ 1,000 ಕಳೆದರೆ ಮೊದಲ ವರ್ಷದ ನಿವ್ವಳ ಮೌಲ್ಯ 6,000.

ಹೆಚ್ಚಿನವರು ಎಡವುವುದು ಇಲ್ಲಿಯೇ: ಉಳಿದ ಗಂಟೆಗಳೆಲ್ಲ ಹಣವಾಗುವುದಿಲ್ಲ. ಕೈತುಂಬ ಬೇಡಿಕೆಯಿರುವ ಕಾರ್ಖಾನೆ ಆ 100 ಗಂಟೆಯಲ್ಲಿ ಇನ್ನಷ್ಟು ಪೆಟ್ಟಿಗೆ ಮಾಡಿ ಮಾರುತ್ತದೆ. ಕೆಲಸವೇ ಸಾಲದಿರುವ, ಮಾಸಿಕ ಸಂಬಳದ ನೌಕರರಿರುವ ಕಾರ್ಖಾನೆಯಲ್ಲಿ ಆ ಗಂಟೆಗಳು ಖಾಲಿಯಾಗಿಯೇ ಕಳೆಯುತ್ತವೆ. ಅಲ್ಲಿ ಉಳಿತಾಯದ 1,000ವನ್ನು ನಿರ್ವಹಣೆಯ 1,000 ನುಂಗಿ, ಮೌಲ್ಯ ಸೊನ್ನೆಗೆ ಇಳಿಯುತ್ತದೆ. ಆದ್ದರಿಂದ ಉಳಿದ ಸಮಯದಲ್ಲಿ ಏನು ಮಾಡುತ್ತೀರಿ ಎಂಬ ಪ್ರಶ್ನೆಯನ್ನು ತಪ್ಪದೆ ಕೇಳಬೇಕು. ಎರಡನೆಯ ಬಗೆಯ ಕಾರ್ಖಾನೆಗಾಗಿ ಎಲ್ಲರಿಗೂ ಬೆಲೆ ಇಳಿಸುವುದು ತಪ್ಪೆಂದೇ ನನ್ನ ಅಭಿಪ್ರಾಯ; ಅವರು ಈ ಸರಕಿನ ಗ್ರಾಹಕರೇ ಅಲ್ಲ.

ಮೂರನೆಯ ಹೆಜ್ಜೆ, 800 ಮತ್ತು 6,000ದ ನಡುವೆ ಒಂದು ಬೆಲೆಯನ್ನು ಆರಿಸುವುದು. ಪೂರ್ತಿ 6,000 ಕೇಳಿದರೆ ಹಳೆಯ ರೂಢಿ ಬಿಡಲು ಯಾರಿಗೂ ಕಾರಣ ಉಳಿಯದು. ಅಪರಿಚಿತ ಸಾಧನವನ್ನು ನಂಬಿ ಹಣ ಹೂಡುವವರಿಗೆ ಮೌಲ್ಯದ ಅರ್ಧಕ್ಕಿಂತ ಹೆಚ್ಚು ಪಾಲು ಬಿಟ್ಟುಕೊಡುವುದು ನ್ಯಾಯ. ಹಾಗೆ 2,700 ಎಂದು ಇಟ್ಟರೆ ಸಾಧನದ ಹಣ ಅವರಿಗೆ ಆರು ತಿಂಗಳೊಳಗೆ ಮರಳುತ್ತದೆ.

ಈಗ ಎರಡು ಬೆಲೆಗಳನ್ನು ಹೋಲಿಸಿ. 1,750ಕ್ಕೆ ಮಾರಿದರೆ ಸಾಮಗ್ರಿ ಮತ್ತು ಕೂಲಿಯ 800 ಕಳೆದು ಒಂದರಲ್ಲಿ 950 ಕೈಗೆ ಉಳಿಯುತ್ತದೆ. ಸ್ಥಿರ ವೆಚ್ಚ ತೀರಲು 64 ಸಾಧನ ಮಾರಬೇಕು. 2,700ಕ್ಕೆ ಮಾರಿದರೆ 1,900 ಉಳಿಯುತ್ತದೆ, 32 ಸಾಕು. ಅಂದರೆ ಬೆಲೆ ಏರಿಸಿದ್ದರಿಂದ ಗ್ರಾಹಕರಲ್ಲಿ ಅರ್ಧದಷ್ಟು ಜನ ಹಿಂದೆ ಸರಿದರೂ ಲಾಭ ಕುಗ್ಗದು.

ಮೌಲ್ಯದ ಲೆಕ್ಕವೂ ಅಂದಾಜೇ ಆದ್ದರಿಂದ ಮೊದಲ ಹತ್ತಿಪ್ಪತ್ತು ಮಾರಾಟಗಳನ್ನು ಗಮನಿಸಬೇಕು. ಒಬ್ಬರೂ ಬೆಲೆಯ ಬಗ್ಗೆ ತುಟಿ ಬಿಚ್ಚದೆ ಕೊಂಡರೆ ಬೆಲೆ ಕಡಿಮೆಯಾಗಿರುವ ಸಂಭವವಿದೆ. ಪ್ರಯೋಗಕ್ಕೆ ಒಯ್ದವರು ಮೆಚ್ಚಿಯೂ ಹಿಂದಿರುಗಿಸಿದರೆ, ಬೆಲೆ ಇಳಿಸುವ ಮುನ್ನ ಅವರ ಕಾರ್ಖಾನೆಯಲ್ಲಿ ಎಷ್ಟು ನಿಮಿಷ ಉಳಿಯಿತೆಂದು ಅಳೆದು ನೋಡಿ. ಅಲ್ಲಿ 30ರ ಬದಲು 12 ನಿಮಿಷ ಮಾತ್ರ ಉಳಿದಿದ್ದರೆ ಸರಿಯಾಗಬೇಕಾದದ್ದು ಸಾಧನ ಅಥವಾ ತರಬೇತಿ. ಆರಂಭದ ಗ್ರಾಹಕರಿಗೆ ರಿಯಾಯಿತಿ ಕೊಡಲೇಬೇಕಾದರೆ ಬಿಲ್ಲಿನಲ್ಲಿ ಪೂರ್ತಿ 2,700 ಬರೆದು, ರಿಯಾಯಿತಿಯನ್ನು ಅದರ ಕೊನೆಯ ದಿನಾಂಕದೊಂದಿಗೆ ಬೇರೆ ಸಾಲಿನಲ್ಲಿ ತೋರಿಸಿ.